ಇಂಟರ್ನ್‌ಶಿಪ್ ಕೇಳುವ ಇಮೇಲ್: ಸ್ಟೈಪೆಂಡ್ ಬಗ್ಗೆ ಮೊದಲ ಪತ್ರದಲ್ಲೇ ಕೇಳಬೇಕಾ?

ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿ ಕಂಪನಿಯೊಂದರ ನೇಮಕಾತಿ ವಿಭಾಗಕ್ಕೆ ಬರೆಯುವ ಮೊದಲ ಇಮೇಲ್ ಹೆಚ್ಚೆಂದರೆ ಇಪ್ಪತ್ತು ಸಾಲು ಇರುತ್ತದೆ. ಅದರಲ್ಲಿ ಹದಿನೈದು ಸಾಲು ಹೊಗಳಿಕೆಗೇ ಹೋಗಿಬಿಡುತ್ತದೆ. ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಅವಕಾಶ ಸಿಕ್ಕರೆ ಧನ್ಯ’ ಅನ್ನೋ ಧಾಟಿಯ ಆ ಮೇಲ್‌ನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸಕ್ಕೆ, ದುಡ್ಡು ಕೊಡ್ತೀರಾ ಇಲ್ಲವಾ ಅನ್ನುವ ಮೂರು ವಿಷಯ ಮಾತ್ರ ಇರುವುದಿಲ್ಲ. ಉತ್ತರ ಕೊಡಬೇಕಾದವರಿಗೆ ಬೇಕಾಗಿರುವುದು ಅದೇ ಮೂರು. ವಿದ್ಯಾರ್ಥಿಗೂ ಬೇಕಾಗಿರುವುದು ಅದೇ.

ಹಾಸನ ತಾಲ್ಲೂಕಿನ ಕೊರವಂಗಲದಂಥ ಊರಿನಿಂದ ಬಂದವರಿಗೆ ಇದರಲ್ಲಿ ಮೂರನೇ ಪ್ರಶ್ನೆಯೇ ದೊಡ್ಡದು. ಮನೆ ಬೆಂಗಳೂರಲ್ಲೇ ಇದ್ದರೆ ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಅಂದರೆ ಸಂಬಳವಿಲ್ಲದ ನಾಲ್ಕು ತಿಂಗಳು, ಅಷ್ಟೆ. ಸುಮಾರು 180 ಕಿ.ಮೀ. ದೂರದಿಂದ ಹೋಗಿ ರೂಮು ಹಿಡಿಯಬೇಕಾದವರಿಗೆ ಅದು ಸಾಲ. ಹಾಗಾಗಿ ಈ ಬರಹ ಒಂದೇ ಇಮೇಲ್‌ನ ಸುತ್ತ ಇದೆ: ಅದನ್ನು ಹೇಗೆ ಬರೆಯೋದು, ದುಡ್ಡಿನ ಮಾತನ್ನು ಎಲ್ಲಿ ಇಡೋದು, ಬಂದ ಉತ್ತರವನ್ನು ಹೇಗೆ ಓದೋದು.

ಬರೆಯುವ ಮುಂಚೆ: ನಿಮ್ಮ ಕಾಲೇಜು ಕೇಳುತ್ತಿರುವುದು ಏನು?

ವಿಟಿಯುನ 2022ರ ಪಠ್ಯಕ್ರಮದಲ್ಲಿ ಬಿ.ಇ. ವಿದ್ಯಾರ್ಥಿಗಳಿಗೆ ಎಂಟನೇ ಸೆಮಿಸ್ಟರ್‌ನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಅದಕ್ಕೆ 10 ಕ್ರೆಡಿಟ್. ಒಂದು ಸಾಮಾನ್ಯ ವಿಷಯಕ್ಕೆ ಮೂರೋ ನಾಲ್ಕೋ ಕ್ರೆಡಿಟ್ ಇರುವಾಗ ಇದು ಸಣ್ಣ ತೂಕವಲ್ಲ. ಅಂದರೆ ಇಂಟರ್ನ್‌ಶಿಪ್ ಈಗ ಆಸಕ್ತಿ ಇದ್ದವರು ಮಾಡಿಕೊಳ್ಳುವ ಹೆಚ್ಚುವರಿ ಕಲಿಕೆಯಾಗಿ ಉಳಿದಿಲ್ಲ, ಡಿಗ್ರಿಯ ಒಂದು ಭಾಗ. ಇಡೀ ರಾಜ್ಯದ ಸಾವಿರಾರು ವಿದ್ಯಾರ್ಥಿಗಳು ಒಂದೇ ಹೊತ್ತಿಗೆ ಕಂಪನಿಗಳ ಬಾಗಿಲು ತಟ್ಟುವುದೂ, ‘ಸರ್ಟಿಫಿಕೇಟ್ ಕೊಡ್ತೀವಿ, ಇಷ್ಟು ಕಟ್ಟಿ’ ಅನ್ನುವ ದಂಧೆ ಹುಟ್ಟುವುದೂ ಈ ಕಡ್ಡಾಯದಿಂದಲೇ.

ಇಲ್ಲಿ ಹಲವರ ಕಣ್ಣು ತಪ್ಪುವ ಒಂದು ಅಂಶವಿದೆ. ಇದೇ ಪಠ್ಯಕ್ರಮದಲ್ಲಿ ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲು ಬದಲು ಮಾಡಿಕೊಳ್ಳಲು ಅವಕಾಶ ಇದೆ. ಎಲ್ಲರೂ ಒಂದೇ ಸಲ ಹೋದರೆ ಕಂಪನಿಗಳಲ್ಲಿ ಜಾಗ ಸಿಗಲ್ಲ ಅಂತಲೇ ಈ ಏರ್ಪಾಡು. ಆದ್ದರಿಂದ ನಿಮ್ಮ ಬ್ಯಾಚಿನ ಇಂಟರ್ನ್‌ಶಿಪ್ ವರ್ಷದ ಮೊದಲರ್ಧದಲ್ಲಾ, ಎರಡನೇ ಅರ್ಧದಲ್ಲಾ ಅನ್ನುವುದು ಕಂಪನಿಯವರಿಗೆ ತಾನಾಗಿ ಗೊತ್ತಾಗುವುದಿಲ್ಲ. ತಾರೀಕನ್ನು ನೀವೇ ಬರೆಯಬೇಕು. ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯಕ್ರಮ ರೂಪಿಸಿಕೊಳ್ಳುವುದರಿಂದ ಅಲ್ಲಿನ ವಾರ ಮತ್ತು ಕ್ರೆಡಿಟ್ ಲೆಕ್ಕವನ್ನು ವಿಭಾಗದ ಮುಖ್ಯಸ್ಥರ ಹತ್ತಿರ ಕೇಳಿಕೊಂಡೇ ಮುಂದೆ ಹೋಗಬೇಕು.

ಇಂಟರ್ನ್ ಬೇರೆ, ಅಪ್ರೆಂಟಿಸ್ ಬೇರೆ

ದುಡ್ಡಿನ ಪ್ರಶ್ನೆಗೆ ಕಾನೂನು ಏನನ್ನುತ್ತದೆ? ಅದು ನಿಮ್ಮನ್ನು ಯಾವ ಹೆಸರಿನಿಂದ ಸೇರಿಸಿಕೊಂಡರು ಅನ್ನುವುದರ ಮೇಲೆ ನಿಂತಿದೆ.

1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಸೇರಿದರೆ ನೋಂದಾಯಿತ ಕರಾರು ಇರುತ್ತದೆ, ಕನಿಷ್ಠ ಸ್ಟೈಪೆಂಡ್ ಇರುತ್ತದೆ. 2019ರಲ್ಲಿ ನಿಯಮ ತಿದ್ದಿದಾಗ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ ₹9,000 ಎಂದು ನಿಗದಿಯಾಯಿತು. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದೂ ಆಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ಮೊತ್ತವನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿದೆ. ನೀವು ಅರ್ಜಿ ಹಾಕುವ ದಿನ ಯಾವ ದರ ಜಾರಿಯಲ್ಲಿದೆ ಅನ್ನುವುದನ್ನು NATS ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಕಾಲೇಜಿನ ಕ್ರೆಡಿಟ್‌ಗಾಗಿ ಹೋಗುವ ಇಂಟರ್ನ್‌ಗೆ ಇಂಥ ಯಾವ ಕನಿಷ್ಠ ಮೊತ್ತವೂ ಇಲ್ಲ. ಕಂಪನಿ ₹25,000 ಕೊಡಬಹುದು, ₹5,000 ಕೊಡಬಹುದು, ಬಿಡಿಗಾಸೂ ಕೊಡದೆ ಇರಬಹುದು. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಒಂದೇ ಕೆಲಸ ಮಾಡುತ್ತಿದ್ದರೂ, ಹೋದ ವರ್ಷ ಡಿಗ್ರಿ ಮುಗಿಸಿದವನಿಗೆ ಕಾನೂನಿನ ಆಸರೆ ಇದೆ, ಈ ವರ್ಷ ಮುಗಿಸಬೇಕಾದವಳಿಗೆ ಇಲ್ಲ.

ಸರ್ಕಾರದ ಯೋಜನೆಗಳೂ ಈ ಸಂದಿಯನ್ನು ಪೂರ್ತಿ ತುಂಬಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ ₹5,000 ಇತ್ತು. ಆದರೆ ಅದು 21ರಿಂದ 24 ವರ್ಷದವರಿಗೆ, ಅದೂ ಪೂರ್ಣಾವಧಿ ಓದುತ್ತಿಲ್ಲದವರಿಗೆ ಮೀಸಲಾಗಿತ್ತು. ರಾಜ್ಯದ ಯುವನಿಧಿ ಕೂಡ ಪಾಸಾದ ಮೇಲೆ ಕೆಲಸ ಸಿಗದವರಿಗೆ. ಆ ಪ್ರಾಯೋಗಿಕ ಹಂತದಲ್ಲಿ ಕೊನೆಯ ವರ್ಷದಲ್ಲಿ ಇದ್ದವರು ಎರಡರಿಂದಲೂ ಹೊರಗೆ ಉಳಿದಿದ್ದರು. ಹಾಗಾಗಿ ನಿಮಗೆ ಎಷ್ಟು ಸಿಗುತ್ತದೆ ಅನ್ನುವುದು ಕಂಪನಿ ಏನು ಒಪ್ಪಿಕೊಂಡಿತು, ಅದನ್ನು ಬರಹದಲ್ಲಿ ಒಪ್ಪಿಕೊಂಡಿತಾ ಅನ್ನುವುದರ ಮೇಲೇ ನಿಲ್ಲುತ್ತದೆ. ಇಮೇಲ್‌ಗೆ ಬೆಲೆ ಬರುವುದು ಇಲ್ಲಿ. ಫೋನಿನಲ್ಲಿ ‘ನೋಡೋಣ, ಕೊಡ್ತೀವಿ ಬನ್ನಿ’ ಅಂದಿದ್ದಕ್ಕೆ ಸಾಕ್ಷಿ ಇರಲ್ಲ. ಮೇಲ್‌ನಲ್ಲಿ ಕೇಳಿದ ಪ್ರಶ್ನೆಗೆ ಮೇಲ್‌ನಲ್ಲಿ ಬಂದ ಉತ್ತರ ದಾಖಲೆ.

ಒಂದು ಲೆಕ್ಕ

ಕೊರವಂಗಲದ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ಓದುತ್ತಿದ್ದಾಳೆ. ಮನೆಯಲ್ಲಿ ಎರಡು ಹಸು ಇದೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ಬೆಂಗಳೂರಿನ ಒಂದು ಕಂಪನಿ ಸೆನ್ಸರ್ ಉಪಕರಣ ಮಾಡುತ್ತದೆ, ಅಲ್ಲಿ 16 ವಾರ ಕೆಲಸ ಮಾಡಬೇಕು ಅನ್ನೋದು ಅವಳ ಆಸೆ.

ಊಟ ಸೇರಿ ಪಿಜಿಗೆ ತಿಂಗಳಿಗೆ ₹8,000, ಮಿಕ್ಕ ಖರ್ಚಿಗೆ ₹2,000 ಎಂದು ಹಿಡಿಯೋಣ. ಹದಿನಾರು ವಾರ ಅಂದರೆ ಹತ್ತಿರ ಹತ್ತಿರ ನಾಲ್ಕು ತಿಂಗಳು, ಒಟ್ಟು ₹40,000. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹಾಸನದಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲೂ, ಬೆಂಗಳೂರಿನ ಒಳಗೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲೂ ಅವಳಿಗೆ ಟಿಕೆಟ್ ಖರ್ಚಿಲ್ಲ. ಅವಳ ಕ್ಲಾಸಿನ ಹುಡುಗನಿಗೆ ಅದೂ ಸೇರುತ್ತದೆ. ಕಂಪನಿ ತಿಂಗಳಿಗೆ ₹10,000 ಕೊಟ್ಟರೆ ಸರಿಹೋಯಿತು. ₹5,000 ಕೊಟ್ಟರೆ ಮನೆಯಿಂದ ₹20,000 ಬರಬೇಕು. ಏನೂ ಕೊಡದಿದ್ದರೆ ₹40,000. ಮೇಲೆ ‘ಟ್ರೈನಿಂಗ್ ಶುಲ್ಕ’ ಅಂತ ₹6,000 ಕೇಳಿದರೆ ₹46,000.

ಈ ಲೆಕ್ಕವನ್ನು ಮೇಲ್‌ನಲ್ಲಿ ಬರೆಯಬೇಕಾಗಿಲ್ಲ, ಮನೆಯ ಕಷ್ಟವನ್ನೂ ಹೇಳಿಕೊಳ್ಳಬೇಕಾಗಿಲ್ಲ. ಆದರೆ ಲೆಕ್ಕ ಕೈಯಲ್ಲಿ ಇದ್ದರೆ ಬಂದ ಉತ್ತರಕ್ಕೆ ಹೂಂ ಅನ್ನಬೇಕಾ ಉಹೂಂ ಅನ್ನಬೇಕಾ ಅನ್ನುವುದು ಅವತ್ತೇ ಗೊತ್ತಾಗುತ್ತದೆ.

ಆ ಇಮೇಲ್

ಕಂಪನಿಗೆ ಹೋಗುವ ಮೇಲ್ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಂಡು ನೋಡಿ. ಕನ್ನಡದಲ್ಲಿ ಬರೆದಾಗ ಟೊಳ್ಳು ಮಾತು ತಾನೇ ಎದ್ದು ಕಾಣುತ್ತದೆ. ‘ಎಸ್ಟೀಮ್ಡ್ ಆರ್ಗನೈಜೇಶನ್’, ‘ಹಾರ್ಡ್‌ವರ್ಕಿಂಗ್ ಅಂಡ್ ಪ್ಯಾಷನೇಟ್’ ಇವಕ್ಕೆ ಕನ್ನಡ ಹುಡುಕಲು ಹೊರಟರೆ ನಮಗೇ ನಗು ಬರುತ್ತದೆ. ಮೇಲಿನ ವಿದ್ಯಾರ್ಥಿನಿಯ ಮೇಲ್ ಹೀಗಿರಬಹುದು:

> ವಿಷಯ: ಇಂಟರ್ನ್‌ಶಿಪ್ ವಿಚಾರಣೆ – ಎಂಬೆಡೆಡ್ ಹಾರ್ಡ್‌ವೇರ್, 16 ವಾರ, ಫೆಬ್ರವರಿ–ಮೇ
>
> (ನೇಮಕಾತಿ ಅಧಿಕಾರಿಯ ಹೆಸರು) ಅವರಿಗೆ, ನಮಸ್ಕಾರ.
>
> ನಾನು ಹಾಸನದಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಿಮ್ಮ ಹಾರ್ಡ್‌ವೇರ್ ಅಥವಾ ಟೆಸ್ಟಿಂಗ್ ತಂಡದಲ್ಲಿ ಫೆಬ್ರವರಿ ಮೊದಲ ವಾರದಿಂದ 16 ವಾರಗಳ ಇಂಟರ್ನ್‌ಶಿಪ್‌ಗೆ ಜಾಗವಿದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ. ಇದು ನಮ್ಮ ಪಠ್ಯಕ್ರಮದ 10 ಕ್ರೆಡಿಟ್‌ನ ಭಾಗ. ಆ ಅವಧಿಯಲ್ಲಿ ತರಗತಿಗಳು ಇರುವುದಿಲ್ಲ, ಪೂರ್ತಿ ದಿನ ಕಚೇರಿಗೆ ಬರಬಲ್ಲೆ.
>
> ಕಳೆದ ಸೆಮಿಸ್ಟರ್‌ನಲ್ಲಿ ನಮ್ಮೂರ ಹಾಲಿನ ಡೇರಿಯ ಕೂಲರ್‌ಗೆ ತಾಪಮಾನ ದಾಖಲಿಸುವ ಒಂದು ಸಾಧನ ಮಾಡಿದೆ. ESP32 ಮತ್ತು DS18B20 ಬಳಸಿ ಐದು ನಿಮಿಷಕ್ಕೊಮ್ಮೆ ಅಳತೆ ತೆಗೆಯುತ್ತದೆ, ಹಾಲು 4 ಡಿಗ್ರಿಗಿಂತ ಮೇಲೆ ಅರ್ಧ ಗಂಟೆ ಉಳಿದರೆ ಕಾರ್ಯದರ್ಶಿಗೆ ಎಸ್‌ಎಂಎಸ್ ಹೋಗುತ್ತದೆ. ಮೂರು ವಾರ ಓಡಿಸಿದಾಗ ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ತಪ್ಪುತ್ತಿತ್ತು, ಅದನ್ನು ಸರಿಪಡಿಸಿದೆ. ಸರ್ಕ್ಯೂಟ್ ಮತ್ತು ಕೋಡ್‌ನ ಲಿಂಕ್ ರೆಸ್ಯೂಮೆಯ ಮೇಲ್ಭಾಗದಲ್ಲಿದೆ.
>
> ಜಾಗ ಇದ್ದರೆ ಎರಡು ವಿಷಯ ತಿಳಿಸಿದರೆ ಉಪಕಾರ: ಸ್ಟೈಪೆಂಡ್ ಇದೆಯೇ, ಇದ್ದರೆ ಎಷ್ಟು? ಇಂಟರ್ನ್ ಕಡೆಯಿಂದ ಯಾವುದಾದರೂ ಶುಲ್ಕ ಇದೆಯೇ? ಬೆಂಗಳೂರಿನಲ್ಲಿ ಉಳಿದುಕೊಳ್ಳುವ ವ್ಯವಸ್ಥೆಯನ್ನು ಮುಂಚೆಯೇ ಮಾಡಿಕೊಳ್ಳಬೇಕಾದ್ದರಿಂದ ಕೇಳುತ್ತಿದ್ದೇನೆ.
>
> ಒಂದು ಪುಟದ ರೆಸ್ಯೂಮೆ ಜೊತೆಗಿದೆ. ಕಾಲೇಜಿನ ಅನುಮತಿ ಪತ್ರವನ್ನು ನೀವು ಕೇಳಿದ ಎರಡು ದಿನದಲ್ಲಿ ಕಳಿಸಬಲ್ಲೆ.
>
> (ಹೆಸರು, ಕಾಲೇಜು, ಫೋನ್ ನಂಬರ್)

ವಿಷಯದ ಸಾಲಿನಲ್ಲೇ ಕೆಲಸ, ಅವಧಿ, ತಿಂಗಳು ಮೂರೂ ಇರುವುದು ಸುಮ್ಮನೆ ಅಲ್ಲ. ನೇಮಕಾತಿ ವಿಭಾಗದವರು ಸಾಮಾನ್ಯವಾಗಿ ಇಂಟರ್ನ್ ಬೇಕಾ ಬೇಡವಾ ಅಂತ ತಾವೇ ತೀರ್ಮಾನಿಸುವುದಿಲ್ಲ. ಮೇಲ್ ಅನ್ನು ತಂಡದ ಮುಖ್ಯಸ್ಥರಿಗೆ ದಾಟಿಸುತ್ತಾರೆ. ಬರೀ ‘ಇಂಟರ್ನ್‌ಶಿಪ್ ರಿಕ್ವೆಸ್ಟ್’ ಎಂದಿದ್ದರೆ ಯಾವ ತಂಡಕ್ಕೆ ದಾಟಿಸಬೇಕು ಅನ್ನುವುದೇ ಗೊತ್ತಾಗದೆ ಅದು ಅಲ್ಲೇ ಉಳಿಯುತ್ತದೆ.

ಪ್ರಾಜೆಕ್ಟ್ ಹೇಳುವಾಗ ‘ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ತಪ್ಪುತ್ತಿತ್ತು’ ಅನ್ನುವ ಸಾಲನ್ನು ಗಮನಿಸಿ. ಅದು ಸೋಲಿನ ಮಾತಲ್ಲ. ಬೋರ್ಡನ್ನು ಕಾಲೇಜಿನ ಮೇಜಿನ ಮೇಲೆ ಒಂದು ಸಲ ಓಡಿಸಿ ಫೋಟೋ ತೆಗೆದವರಿಗೂ, ಊರಿನ ಕರೆಂಟಿನಲ್ಲಿ ಮೂರು ವಾರ ಓಡಿಸಿದವರಿಗೂ ಇರುವ ವ್ಯತ್ಯಾಸ ಆ ಸಾಲಿನಲ್ಲಿದೆ. ದುಡ್ಡು ಕೊಟ್ಟು ಕೊಂಡ ಪ್ರಾಜೆಕ್ಟ್‌ನಲ್ಲಿ ಇಂಥ ವಿವರ ಇರುವುದಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಇದರ ಮೇಲೇ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ನಿಜಕ್ಕೂ ಮಾಡಿದ್ದನ್ನಷ್ಟೇ ಬರೆಯಿರಿ.

ದುಡ್ಡಿನ ಸಾಲು ಯಾಕೆ ಅಲ್ಲಿ?

ಮೊದಲ ಮೇಲ್‌ನಲ್ಲಿ ಸ್ಟೈಪೆಂಡ್ ಮಾತು ಎತ್ತಬೇಡಿ, ದುರಾಸೆ ಅಂದುಕೊಳ್ಳುತ್ತಾರೆ ಅನ್ನುವ ಸಲಹೆ ಕಾಲೇಜುಗಳಲ್ಲಿ ಸಾಮಾನ್ಯ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಕಂಪನಿ ತನ್ನ ಪ್ರಕಟಣೆಯಲ್ಲಿ ಮೊತ್ತವನ್ನು ಹಾಕಿದ್ದರೆ ಮತ್ತೆ ಕೇಳುವುದು ಓದಿಲ್ಲ ಅನ್ನುವುದರ ಗುರುತು. ‘ಕನಿಷ್ಠ ಇಷ್ಟು ಬೇಕು’ ಅಂತ ಮೊದಲೇ ಷರತ್ತು ಹಾಕಿದರೆ ಮಾತುಕತೆ ಅಲ್ಲಿಗೇ ನಿಲ್ಲಬಹುದು.

ಆದರೆ ಪ್ರಕಟಣೆಯೇ ಇಲ್ಲದ ಕಡೆ ‘ಇದೆಯೇ, ಎಷ್ಟು’ ಅಂತ ಕೇಳುವುದು ಷರತ್ತಲ್ಲ, ಮಾಹಿತಿ ಕೇಳುವುದು. ಅದಕ್ಕೇ ಆ ಸಾಲು ಕೊನೆಯ ಹತ್ತಿರ ಇದೆ, ಕೆಲಸದ ಮಾತು ಮುಗಿದ ಮೇಲೆ. ಕಾರಣವೂ ಒಂದೇ ವಾಕ್ಯದಲ್ಲಿದೆ: ಉಳಿದುಕೊಳ್ಳುವ ವ್ಯವಸ್ಥೆ. ಕೇಳದೆ ಹೋದರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ. ಸೇರುವ ದಿನ ‘ಸ್ಟೈಪೆಂಡ್ ಇಲ್ಲ’ ಎಂದು ಗೊತ್ತಾಗುವಷ್ಟರಲ್ಲಿ ಪಿಜಿಗೆ ಮುಂಗಡ ಕೊಟ್ಟಾಗಿರುತ್ತದೆ, ಕಾಲೇಜಿಗೆ ಕಂಪನಿಯ ಹೆಸರು ಕೊಟ್ಟಾಗಿರುತ್ತದೆ, ಬೇರೆ ಕಡೆ ಜಾಗ ತುಂಬಿರುತ್ತದೆ. ಆಗ ಬಿಟ್ಟುಬರಲೂ ಆಗುವುದಿಲ್ಲ.

ಶುಲ್ಕದ ಪ್ರಶ್ನೆಯಿಂದ ಇನ್ನೊಂದು ಉಪಯೋಗ ಇದೆ. ನಿಜವಾಗಿ ಕೆಲಸ ಮಾಡಿಸಿಕೊಳ್ಳುವ ಕಂಪನಿಗೆ ಅದು ವಿಚಿತ್ರವಾಗಿ ಕಾಣುತ್ತದೆ, ‘ಇಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸರ್ಟಿಫಿಕೇಟ್ ಮಾರುವವರು ಮಾತ್ರ ಆ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ‘ನಂಬರ್ ಕಳಿಸಿ, ನಮ್ಮ ಕೌನ್ಸೆಲರ್ ಫೋನ್ ಮಾಡ್ತಾರೆ’ ಅನ್ನುತ್ತಾರೆ.

ಬಂದ ಉತ್ತರವನ್ನು ಓದುವುದು

ಏಳೆಂಟು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಒಂದು ಸಲ ಕಳಿಸಿ, ಹೊಸ ಮೇಲ್ ಬೇಡ. ಅದಕ್ಕೂ ಉತ್ತರ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದೆ ಎಂದುಕೊಂಡು ಮುಂದೆ ಹೋಗಬೇಕು.

‘ಆಯ್ಕೆಯಾಗಿದ್ದೀರಿ’ ಅನ್ನುವ ಪತ್ರ ಬಂದರೆ ಕುಣಿಯುವ ಮುಂಚೆ ಅದರ ತಲೆಬರಹ ನೋಡಿ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ನೋಂದಾಯಿತ ಕಂಪನಿ ತನ್ನ ವ್ಯವಹಾರ ಪತ್ರಗಳಲ್ಲಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಜೊತೆಗೆ 21 ಅಕ್ಷರದ ಗುರುತಿನ ಸಂಖ್ಯೆ ಹಾಕಬೇಕು. ಸಿಐಎನ್ ಎನ್ನುವ ಆ ಸಂಖ್ಯೆಯ ನಮೂನೆ ಹೀಗಿರುತ್ತದೆ:

```
U72900KA2023PTC000000
```

ಮೊದಲ ಅಕ್ಷರ ಷೇರುಪೇಟೆಯಲ್ಲಿ ಇರುವ ಕಂಪನಿಯೇ ಅಲ್ಲವೇ ಎಂದು ಹೇಳುತ್ತದೆ. ಆಮೇಲಿನ ಐದು ಅಂಕಿ ಉದ್ಯಮದ ವರ್ಗ. `KA` ಅಂದರೆ ಕರ್ನಾಟಕದಲ್ಲಿ ನೋಂದಣಿ, `2023` ನೋಂದಣಿಯಾದ ವರ್ಷ, `PTC` ಅಂದರೆ ಪ್ರೈವೇಟ್ ಲಿಮಿಟೆಡ್, ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ವೆಬ್‌ಸೈಟಿನಲ್ಲಿ ‘15 ವರ್ಷದ ಅನುಭವ’ ಎಂದು ಬರೆದು ಸಿಐಎನ್‌ನಲ್ಲಿ ಹೋದ ವರ್ಷದ ಇಸವಿ ಇದ್ದರೆ ಆ ಕಂಪನಿಗೆ ಪ್ರಶ್ನೆ ಕೇಳಬೇಕು. ಅದೇ ಸಂಖ್ಯೆಯನ್ನು mca.gov.in ನಲ್ಲಿ ಹಾಕಿ ಕಂಪನಿ ಈಗಲೂ ಚಾಲ್ತಿಯಲ್ಲಿದೆಯಾ ನೋಡಬಹುದು.

ಇದಕ್ಕೊಂದು ಮಿತಿ ಇದೆ. ಒಬ್ಬರೇ ಮಾಲೀಕರಿರುವ ವರ್ಕ್‌ಶಾಪ್‌ಗೆ ಅಥವಾ ಪಾಲುದಾರಿಕೆ ಸಂಸ್ಥೆಗೆ ಸಿಐಎನ್ ಇರುವುದಿಲ್ಲ, ಆದರೂ ಅಲ್ಲಿ ಒಳ್ಳೆ ಕೆಲಸ ಕಲಿಯಬಹುದು. ಹಾಗೆಯೇ ಸಿಐಎನ್ ಸರಿಯಾಗಿದ್ದ ಮಾತ್ರಕ್ಕೆ ಕಂಪನಿ ಸ್ಟೈಪೆಂಡ್ ಕೊಟ್ಟೇ ಕೊಡುತ್ತದೆ ಅಂತಲೂ ಅಲ್ಲ. ಪತ್ರ ಕಳಿಸಿದವರು ಅವರು ಹೇಳಿಕೊಳ್ಳುವ ಕಂಪನಿಯವರೇನಾ ಅನ್ನುವುದನ್ನು ನೋಡಲು ಇದು ಒಂದು ದಾರಿ, ಅಷ್ಟೆ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಜಿಮೇಲ್ ವಿಳಾಸದಿಂದ ಬರೆದಿದ್ದರೆ, ಅಥವಾ ‘ಇವತ್ತು ಸಂಜೆಯೊಳಗೆ ಕಟ್ಟಿ’ ಎಂದು ಯುಪಿಐ ಕ್ಯೂಆರ್ ಕಳಿಸಿದ್ದರೆ ಅಲ್ಲಿಗೆ ಮಾತು ಮುಗಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಬೇಗ ಮಾಡಿದಷ್ಟೂ ದುಡ್ಡನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪತ್ರ ಸರಿಯಾಗಿದೆ ಎಂದಾದರೆ ಒಪ್ಪಿಗೆ ಮೇಲ್‌ನಲ್ಲಿ ಷರತ್ತುಗಳನ್ನು ನೀವೇ ಒಮ್ಮೆ ಬರೆದುಬಿಡಿ: ‘ಫೆಬ್ರವರಿ ಮೊದಲ ವಾರದಿಂದ 16 ವಾರ, ಟೆಸ್ಟಿಂಗ್ ತಂಡ, ತಿಂಗಳಿಗೆ ₹10,000 ಸ್ಟೈಪೆಂಡ್, ಯಾವುದೇ ಶುಲ್ಕ ಇಲ್ಲ, ನಮ್ಮ ಫೋನ್ ಮಾತುಕತೆಯಂತೆ’. ತಪ್ಪಿದ್ದರೆ ಅವರು ತಿದ್ದುತ್ತಾರೆ. ತಿದ್ದದೆ ಒಪ್ಪಿಕೊಂಡರೆ, ಫೋನಿನಲ್ಲಿ ಆಡಿದ ಮಾತೂ ಬರಹಕ್ಕೆ ಬಂದಂತಾಯಿತು.

ಸ್ಟೈಪೆಂಡ್ ಇಲ್ಲದಿದ್ದರೂ ಇರುವ ಹಕ್ಕು

ಕನಿಷ್ಠ ಸ್ಟೈಪೆಂಡ್ ವಿಷಯದಲ್ಲಿ ಇಂಟರ್ನ್‌ಗೆ ಕಾನೂನಿನ ಆಸರೆ ಇಲ್ಲ ಎಂದೆವು. ಎಲ್ಲದರಲ್ಲೂ ಹಾಗಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ಉದ್ಯೋಗಿ’ ಪದದ ಅರ್ಥದೊಳಗೆ ತರಬೇತಿಯಲ್ಲಿರುವವರನ್ನೂ, ಸಂಬಳ ಇಲ್ಲದೆ ದುಡಿಯುವವರನ್ನೂ ಸೇರಿಸಿದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ‘ನೀನು ಬರೀ ಇಂಟರ್ನ್, ಇಲ್ಲಿಯ ಸ್ಟಾಫ್ ಅಲ್ಲ’ ಎಂದು ಯಾರಾದರೂ ಹೇಳಿದರೆ ಈ ಕಾಯ್ದೆಯ ಮಟ್ಟಿಗೆ ಅದು ಸುಳ್ಳು. ಇದನ್ನು ಮೊದಲ ಮೇಲ್‌ನಲ್ಲಿ ಕೇಳಬೇಕಿಲ್ಲ. ಸೇರಿದ ದಿನ ಸಮಿತಿಯ ಸದಸ್ಯರ ಹೆಸರು ಎಲ್ಲಿ ಹಾಕಿದ್ದಾರೆ ಅಂತ ನೋಡಿಟ್ಟುಕೊಂಡರೆ ಸಾಕು.

ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್ ಕೊಟ್ಟು ಕಡ್ಡಾಯ ಮಾಡಿದ ಮೇಲೆ ಅದರ ಖರ್ಚು ಯಾರದ್ದು ಅನ್ನುವ ಪ್ರಶ್ನೆಯನ್ನು ವಿಶ್ವವಿದ್ಯಾಲಯವೂ ಸರ್ಕಾರವೂ ವಿದ್ಯಾರ್ಥಿಯ ಮನೆಗೆ ಬಿಟ್ಟಿವೆ. ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ ಮೊತ್ತ ನಿಗದಿ ಮಾಡಲು ಸಾಧ್ಯವಾಗಿದೆ ಅಂದಮೇಲೆ, ಕ್ರೆಡಿಟ್‌ಗಾಗಿ ನಾಲ್ಕು ತಿಂಗಳು ಪೂರ್ತಿ ದಿನ ದುಡಿಯುವ ಇಂಟರ್ನ್‌ಗೂ ಅದು ಅಸಾಧ್ಯವೇನಲ್ಲ. ಆ ನಿಯಮ ಬರುವವರೆಗೂ ಆ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬರೂ ತಮ್ಮ ಮೇಲ್‌ನಲ್ಲಿ ಕೇಳಲೇಬೇಕು: ಎಷ್ಟು ಕೊಡುತ್ತೀರಿ, ಏನಾದರೂ ತೆಗೆದುಕೊಳ್ಳುತ್ತೀರಾ?